ಗುರುವಾರದ ಕೇಸ್ ಚರ್ಚೆ: ಇಂಟರ್ನ್‌ಗಳಿಗೆ

ಹದಿನೈದು ದಿನಕ್ಕೊಮ್ಮೆ, ಗುರುವಾರ ಸಂಜೆ 4ರಿಂದ 5.15ರವರೆಗೆ ಸಣ್ಣ ಸೆಮಿನಾರ್ ರೂಮಿನಲ್ಲಿ ಸೇರೋಣ. ನೀವು ಎಂಟು ಜನ. ನಡೆಸಿಕೊಡಲು ನಾನು, ಜೊತೆಗೆ ಸೈಕಿಯಾಟ್ರಿಯ ಒಬ್ಬರು. ಆ ಹೊತ್ತಿನಲ್ಲಿ ನಿಮ್ಮ ಕಾಲ್‌ಗಳನ್ನು ರೆಸಿಡೆಂಟ್‌ಗಳು ನೋಡಿಕೊಳ್ಳುತ್ತಾರೆ. ಯೂನಿಟ್‌ಗಳಲ್ಲಿ ಮಾತಾಡಿ ಆಗಿದೆ.

ಫೈಲ್ ಬೇಡ, ಸ್ಲೈಡ್ ಬೇಡ. ಮನೆಗೆ ಹೋದ ಮೇಲೂ ತಲೆಯಿಂದ ಹೋಗದ ಒಬ್ಬ ರೋಗಿ ಇದ್ದಾರಲ್ಲ, ಅವರ ಬಗ್ಗೆ ನೆನಪಿನಿಂದ ಹೇಳಿ. ಏನು ಮರೆತಿರಿ ಅನ್ನುವುದೂ ಕೆಲಸಕ್ಕೆ ಬರುತ್ತದೆ.

ನಾನು ಇಂಟರ್ನ್ ಆಗಿದ್ದಾಗ ಪ್ಯಾಂಕ್ರಿಯಾಟೈಟಿಸ್ ಆಗಿ ಮೂರನೇ ಸಲ ಅಡ್ಮಿಟ್ ಆದ ಒಬ್ಬರಿದ್ದರು. ಕುಡಿತ ಬಿಟ್ಟಿರಲಿಲ್ಲ. ರಾತ್ರಿ ಎರಡು ಗಂಟೆಗೆ ಡ್ರಿಪ್ ಕಿತ್ತುಹಾಕಿದರು. ಹೊಸದು ಹಾಕಲು ಪಿಂಕ್ ಕ್ಯಾನುಲಾ ಸಾಕಿತ್ತು. ನನ್ನ ಕೈ ಗ್ರೇ ಕಡೆ ಹೋಯಿತು, ದಪ್ಪದ್ದು. ವಾಪಸ್ ಇಟ್ಟೆ, ನಿಜ. ಆದರೆ ಕೈ ಹೋಗಿತ್ತಲ್ಲ. ಇಂಥದ್ದೇ ಒಂದು ಗುಂಪಿನಲ್ಲಿ ಹತ್ತು ನಿಮಿಷ ಈ ಕಥೆ ಹೇಳಿದೆ. ಯಾರೋ ಕೇಳಿದರು, ಅವರ ವಯಸ್ಸೆಷ್ಟು? "ನಮ್ಮಪ್ಪನಷ್ಟು" ಅಂತ ಬಾಯಿಗೆ ಬಂತು. ನಮ್ಮಪ್ಪ ಕುಡಿಯುತ್ತಿರಲಿಲ್ಲ. ಶುಗರ್ ಮಾತ್ರೆ ನುಂಗದೆ ಜೇಬಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದರು, ಅಷ್ಟೇ.

ಈ ಕ್ರಮ ಹಳೆಯದು. 1950ರ ದಶಕದಲ್ಲಿ ಲಂಡನ್ನಿನಲ್ಲಿ ಮೈಕೆಲ್ ಮತ್ತು ಎನಿಡ್ ಬಾಲಿಂಟ್ ದಂಪತಿ ಫ್ಯಾಮಿಲಿ ಡಾಕ್ಟರ್‌ಗಳನ್ನು ಕೂರಿಸಿಕೊಂಡು ಶುರುಮಾಡಿದರು. ಡಾಕ್ಟರೂ ಒಂದು ಔಷಧಿ, ಆ ಔಷಧಿಗೂ ಡೋಸ್ ಉಂಟು, ಸೈಡ್ ಎಫೆಕ್ಟ್ ಉಂಟು ಅನ್ನುವುದು ಅವರ ಮಾತಿನ ಸಾರ.

ಹೇಗೆ ನಡೆಯುತ್ತದೆ

ಮೊದಲ ಐದು ನಿಮಿಷ ಹಿಂದಿನ ಕೇಸ್ ಏನಾಯಿತು ಅಂತ ಕೇಳುತ್ತೇವೆ. ಆಮೇಲೆ ಒಬ್ಬರು ಹತ್ತು ನಿಮಿಷ ಹೇಳುತ್ತಾರೆ, ನಡುವೆ ಯಾರೂ ಬಾಯಿ ಹಾಕುವುದಿಲ್ಲ. ಮುಂದಿನ ಹತ್ತು ನಿಮಿಷ ಬರೀ ಮಾಹಿತಿಯ ಪ್ರಶ್ನೆ: ಜೊತೆಗೆ ಯಾರಿದ್ದರು, ನೀವು ನಿಂತಿದ್ದಿರಾ, ಕೂತಿದ್ದಿರಾ. "ಸಿಟಿ ಯಾಕೆ ಮಾಡಿಸಲಿಲ್ಲ?" ಇದರಲ್ಲಿ ಸೇರುವುದಿಲ್ಲ. ಅದು ಪ್ರಶ್ನೆಯ ವೇಷದ ಬೈಗುಳ.

ಇನ್ನು ಮುಖ್ಯ ಭಾಗ. ಕೇಸ್ ತಂದವರು ಕುರ್ಚಿಯನ್ನು ಎರಡಡಿ ಹಿಂದಕ್ಕೆ ಎಳೆದುಕೊಂಡು 35 ನಿಮಿಷ ಸುಮ್ನೆ ಕೇಳುತ್ತಾರೆ. ಉಳಿದವರು ಮಾತಾಡುತ್ತಾರೆ. ಹಿಂದೆ ಕೂತವರನ್ನು ನೋಡಿ ಮಾತಾಡಬೇಡಿ, ಅವರಿಗೆ ಉತ್ತರ ಕೊಡಲೇಬೇಕು ಅನ್ನಿಸಿಬಿಡುತ್ತದೆ. ಕೊನೆಯ ಹದಿನೈದು ನಿಮಿಷಕ್ಕೆ ಕುರ್ಚಿ ಮುಂದೆ ಬರುತ್ತದೆ. ಕೇಳಿದ್ದರಲ್ಲಿ ಏನು ಮುಟ್ಟಿತು, ಏನು ಸರಿ ಅನ್ನಿಸಲಿಲ್ಲ ಅಂತ ಹೇಳಬಹುದು. ಹೇಳದೆಯೂ ಇರಬಹುದು.

ಸಲಹೆ ಬಂದರೆ ನಾನು ತಡೆಯುತ್ತೇನೆ. "ಹೀಗೆ ಮಾಡಬೇಕಿತ್ತು" ಅಂದವರನ್ನು, "ಹಾಗೆ ಮಾಡಿದ್ದರೆ ಯಾರಿಗೆ ಹಗುರ ಆಗುತ್ತಿತ್ತು, ರೋಗಿಗಾ, ನಿಮಗಾ?" ಅಂತ ಕೇಳುತ್ತೇನೆ. ಮೌನವಾದರೆ ನಾನಾಗಿ ತುಂಬುವುದಿಲ್ಲ. ನಿಮ್ಮ ಮನೆಯ ವಿಷಯ ನೀವಾಗಿ ಹೇಳಿದರೆ ಸರಿ, ಯಾರೂ ಕೆದಕುವಂತಿಲ್ಲ.

ರೋಗಿಯ ಹೆಸರು, ಬೆಡ್ ನಂಬರ್ ಹೇಳಬೇಡಿ. ಇಲ್ಲಿನ ಮಾತು ಕ್ಯಾಂಟೀನಿಗೂ ವಾಟ್ಸ್ಆ್ಯಪ್‌ಗೂ ಹೋಗಬಾರದು. ಲಾಗ್‌ಬುಕ್‌ಗೆ ಇದರ ಮಾರ್ಕ್ಸ್ ಇಲ್ಲ. ಒಂದು ವಿನಾಯಿತಿ ಮಾತ್ರ ಇದೆ: ರೋಗಿಯ ಜೀವಕ್ಕೋ ನಿಮ್ಮ ಜೀವಕ್ಕೋ ಅಪಾಯ ಇದೆ ಅನ್ನಿಸಿದರೆ ನಾನು ಸುಮ್ಮನಿರಲಾರೆ. ಮೊದಲು ನಿಮಗೇ ಹೇಳಿ ಮುಂದುವರಿಯುತ್ತೇನೆ.

ಮಾತು ಶುರುವಾಗಲು

"ಕಷ್ಟದ ರೋಗಿ" ಅನ್ನುವ ಪದ ನನಗೆ ಅಷ್ಟು ಹಿಡಿಸದು. ಮಾರ್ನಿಂಗ್ ಶಿಫ್ಟಿನಲ್ಲಿ ಕಷ್ಟ ಅನ್ನಿಸಿದವರು ನೈಟ್ ಶಿಫ್ಟಿನವರಿಗೆ ಆರಾಮ ಇರುತ್ತಾರೆ, ಅಲ್ವಾ? ಅಮೆರಿಕದ ಸೈಕಿಯಾಟ್ರಿಸ್ಟ್ ಜೇಮ್ಸ್ ಗ್ರೋವ್ಸ್ 1978ರಲ್ಲಿ ಇಂಥವರನ್ನು ನಾಲ್ಕು ಬಗೆ ಮಾಡಿದ್ದರು: ಅಂಟಿಕೊಳ್ಳುವವರು, ದರ್ಪದಿಂದ ಕೇಳುವವರು, ಕೊಟ್ಟ ಸಹಾಯವೆಲ್ಲ ಉಪಯೋಗವಿಲ್ಲ ಅನ್ನುವವರು, ತಮ್ಮನ್ನೇ ಹಾಳುಮಾಡಿಕೊಳ್ಳುವವರು. ಪ್ರತಿ ಬಗೆ ಡಾಕ್ಟರಲ್ಲಿ ಏನನ್ನು ಕೆರಳಿಸುತ್ತದೆ ಅನ್ನುವುದನ್ನೂ ಬರೆದರು. ನಮಗೆ ಬೇಕಾದ್ದು ಅದೇ.

ರೌಂಡ್ಸ್‌ನಲ್ಲಿ ಯಾರ ಬೆಡ್ ಹತ್ತಿರ ನಿಮ್ಮ ಹೆಜ್ಜೆ ಜೋರಾಗುತ್ತದೆ?

ಐದು ನಿಮಿಷಕ್ಕೊಮ್ಮೆ ಕರೆಯುವ ರೋಗಿ, ನೀವು ಹೋಗದಿದ್ದರೆ ಏನಾಗುತ್ತದೆ ಅಂತ ಹೆದರಿರಬಹುದು?

"ನೀನಿನ್ನೂ ಸ್ಟೂಡೆಂಟ್, ದೊಡ್ಡ ಡಾಕ್ಟರನ್ನು ಕರಿ" ಅಂದಾಗ ಮೈಯಲ್ಲಿ ಎಲ್ಲಿ ಬಿಗಿಯಾಯಿತು?

ಎಲ್ಲ ರಿಪೋರ್ಟ್ ನಾರ್ಮಲ್, ನೋವು ಮಾತ್ರ ಹಾಗೇ ಇದೆ. "ಏನೂ ಇಲ್ಲ" ಅಂತ ನೀವು ಹೇಳಿದ ಆ ಕ್ಷಣ ಅವರ ಮುಖ ಹೇಗಿತ್ತು?

ಯಾರಿಗೆ ನೀವು ಜಾಸ್ತಿ ಒಳ್ಳೆಯವರಾದಿರಿ? ಸ್ವಂತ ನಂಬರ್ ಕೊಟ್ಟಿರಾ?

ಆ ರೋಗಿ ನಿಮ್ಮ ಬಗ್ಗೆ ಪಕ್ಕದ ಬೆಡ್‌ನವರ ಹತ್ತಿರ ಏನು ಹೇಳಿರಬಹುದು? ಅವರ ಮಾತಿನಲ್ಲೇ ಹೇಳಿ ನೋಡಿ.

ಒಂದು ಸಲಕ್ಕೆ ಒಂದೇ ಕೇಸ್. ಮೊದಲ ಗುರುವಾರ ಯಾರೂ ತರದಿದ್ದರೆ ಗ್ರೇ ಕ್ಯಾನುಲಾದ ಮುಂದಿನ ಕಥೆ ನಾನೇ ಹೇಳಿ ಕುರ್ಚಿ ಹಿಂದಕ್ಕೆ ಎಳೆದುಕೊಳ್ಳುತ್ತೇನೆ. ನೀವು ಮಾತಾಡಿ.