ವಿಷಯ: ಫ್ಲಾಟ್ ಬಿ-704ರ ಸ್ವಾಧೀನದ ಖಚಿತ ದಿನಾಂಕ ಮತ್ತು ವಿಳಂಬದ ಪರಿಹಾರ ಕೋರಿ

ಬೆಂಗಳೂರು
10 ಮಾರ್ಚ್ 2026

ವ್ಯವಸ್ಥಾಪಕ ನಿರ್ದೇಶಕರಿಗೆ,

ಮಾನ್ಯರೇ,

ಹೆಣ್ಣೂರಿನ ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ನಾನು ಫ್ಲಾಟ್ ಬಿ-704 ಕೊಂಡಿದ್ದೇನೆ. 2021ರ ಆಗಸ್ಟ್ 18ರ ಅಗ್ರಿಮೆಂಟ್ ಪ್ರಕಾರ 2023ರ ಡಿಸೆಂಬರ್ 31ಕ್ಕೆ ಕೀ ಕೊಡಬೇಕಿತ್ತು. ಆರು ತಿಂಗಳ ಹೆಚ್ಚುವರಿ ಅವಧಿ ಸೇರಿಸಿದರೂ 2024ರ ಜೂನ್ 30ಕ್ಕೆ ಮುಗಿಯಿತು. 84 ಲಕ್ಷದಲ್ಲಿ 71,40,000 ರೂಪಾಯಿ ನಿಮಗೆ ಸಂದಿದೆ. ಕೊನೆಯ ಕಂತು ಕಟ್ಟಿದ್ದು 2023ರ ನವೆಂಬರ್‌ನಲ್ಲಿ.

ನಿಮ್ಮ ಸೇಲ್ಸ್‌ನವರನ್ನು ಕೇಳಿದರೆ ಮೊದಲು ಗಣೇಶ ಹಬ್ಬ ಅಂದರು, ಆಮೇಲೆ ದೀಪಾವಳಿ, ಆಮೇಲೆ ಸಂಕ್ರಾಂತಿ. ಈಗ ಯುಗಾದಿ ಕಳೀಲಿ ಸಾರ್ ಅಂತಾರೆ. ಯಾವ ವರ್ಷದ ಯುಗಾದಿ ಅಂತ ಕೇಳಿದ್ದಕ್ಕೆ ಸುಮ್ನೆ ನಕ್ಕರು.

ಕಳೆದ ಭಾನುವಾರ ಅಮ್ಮನ ಜೊತೆ ಸೈಟಿಗೆ ಹೋಗಿದ್ದೆ. ಲಿಫ್ಟ್ ಬರಬೇಕಾದ ಜಾಗಕ್ಕೆ ಪ್ಲೈವುಡ್ ಅಡ್ಡ ಹೊಡೆದಿದೆ. ಅಮ್ಮ ಮೂರನೇ ಮಹಡಿಯಲ್ಲೇ ಕೂತುಬಿಟ್ಟರು. ಏಳನೇ ಮಹಡಿಯ ನಮ್ಮ ಅಡುಗೆಮನೆಯಲ್ಲಿ ಕಟ್ಟೆಗೆ ಕಲ್ಲಿಲ್ಲ, ಸಿಂಕ್ ಜಾಗದಲ್ಲಿ ಬಾಯಿ ತೆರೆದ ಪೈಪು. ಗಟ್ಟಿಯಾಗಿಹೋದ ಎರಡು ಸಿಮೆಂಟ್ ಚೀಲ ಬಾಲ್ಕನಿಯಲ್ಲಿವೆ. ಕೆಲಸ ಮಾಡುವವರು ಒಬ್ಬರೂ ಕಾಣಲಿಲ್ಲ. ಭಾನುವಾರ ಅಲ್ವಾ ಎನ್ನಬೇಡಿ, ಅದರ ಹಿಂದಿನ ಬುಧವಾರವೂ ಹೋಗಿದ್ದೆ.

ನನಗೆ ಬೇಕಾದ್ದು ಎರಡು.

ಒಂದು, ಓಸಿ ಯಾವಾಗ ಸಿಗುತ್ತದೆ, ಕೀ ಯಾವ ದಿನ ಕೊಡುತ್ತೀರಿ ಎಂಬುದು ನಿಮ್ಮ ಲೆಟರ್‌ಹೆಡ್ಡಿನಲ್ಲಿ, ಸಹಿ ಮತ್ತು ಸೀಲಿನ ಸಮೇತ. ವಾಟ್ಸಾಪ್ ಮೆಸೇಜು ಬೇಡ. 'ಇಂಟೀರಿಯರ್ ಶುರು ಮಾಡ್ಕೊಳ್ಳಿ, ಓಸಿ ಆಮೇಲೆ ಬರುತ್ತೆ' ಎಂಬ ಮಾತನ್ನು ಸ್ವಾಧೀನ ಎಂದು ನಾನು ಒಪ್ಪುವುದಿಲ್ಲ. ರೇರಾದಲ್ಲಿ ನೀವು ಪ್ರಾಜೆಕ್ಟಿನ ಅವಧಿ ವಿಸ್ತರಿಸಿಕೊಂಡಿರಬಹುದು. ಅದರಿಂದ ನನ್ನ ಅಗ್ರಿಮೆಂಟಿನ ತಾರೀಖು ಬದಲಾಗುವುದಿಲ್ಲ.

ಎರಡು, ಬಡ್ಡಿ. ಅಗ್ರಿಮೆಂಟಿನಲ್ಲಿ ಚದರಡಿಗೆ ತಿಂಗಳಿಗೆ 5 ರೂಪಾಯಿ ಪರಿಹಾರ ಎಂದು ಬರೆದಿದ್ದೀರಿ. 1,180 ಚದರಡಿಗೆ ಅದು 5,900 ರೂಪಾಯಿ. ನಾನು ಕಟ್ಟುತ್ತಿರುವ ಬಾಡಿಗೆಯೇ 24,000, ಜೊತೆಗೆ ಸಾಲದ ಕಂತು. 2022ರಲ್ಲಿ ಬ್ಯಾಂಕಿನವರು ನನ್ನ ಒಂದು ಕಂತನ್ನು ಹನ್ನೊಂದು ದಿನ ತಡವಾಗಿ ಬಿಡುಗಡೆ ಮಾಡಿದಾಗ ನೀವು 18% ಬಡ್ಡಿ ಹಾಕಿ ವಸೂಲಿ ಮಾಡಿದ್ದೀರಿ. ರಸೀದಿ ನನ್ನ ಹತ್ತಿರ ಇದೆ. ರೇರಾ ಕಾಯ್ದೆ 2016ರಲ್ಲಿ ಇಬ್ಬರಿಗೂ ಒಂದೇ ದರ. ಹಾಗಾಗಿ ಸೆಕ್ಷನ್ 18ರಂತೆ, 2024ರ ಜುಲೈ 1ರಿಂದ ಕೀ ಕೊಡುವ ದಿನದವರೆಗೆ, 71,40,000 ರೂಪಾಯಿಗೆ ಪ್ರತಿ ತಿಂಗಳ ಬಡ್ಡಿ ಕೊಡಿ. ದರ ಕರ್ನಾಟಕದ ನಿಯಮದಲ್ಲಿರುವುದೇ: ಎಸ್‌ಬಿಐನ ಗರಿಷ್ಠ ಎಂಸಿಎಲ್‌ಆರ್ ಮೇಲೆ 2%. ಫೆಬ್ರವರಿಗೆ 20 ತಿಂಗಳಾಯಿತು. ಇಷ್ಟು ದಿನಕ್ಕೆ ಕಟ್ಟಿದ ಬಾಡಿಗೆ 4,80,000 ರೂಪಾಯಿಯನ್ನು ಬೇರೆಯಾಗಿ ಕೇಳುವ ಹಕ್ಕನ್ನು ಉಳಿಸಿಕೊಂಡಿದ್ದೇನೆ.

ಫ್ಲಾಟ್ ರದ್ದು ಮಾಡುವ ಯೋಚನೆ ನನಗಿಲ್ಲ. ಮನೆ ಬೇಕು, ಅದಕ್ಕೇ ಬರೆಯುತ್ತಿದ್ದೇನೆ. ಈ ಪತ್ರ ತಲುಪಿದ 15 ದಿನದೊಳಗೆ ಲಿಖಿತ ಉತ್ತರ ಬರದಿದ್ದರೆ ಸೆಕ್ಷನ್ 31ರಡಿ ಕರ್ನಾಟಕ ರೇರಾದಲ್ಲಿ ದೂರು ಕೊಡುತ್ತೇನೆ.

ಅಗ್ರಿಮೆಂಟ್, ಹಣ ಕಟ್ಟಿದ ರಸೀದಿಗಳು ಮತ್ತು ಭಾನುವಾರ ತೆಗೆದ ಆರು ಫೋಟೋಗಳ ಪ್ರತಿ ಲಗತ್ತಿಸಿದ್ದೇನೆ. ಇದೇ ಪತ್ರವನ್ನು ಇಮೇಲ್‌ನಲ್ಲೂ ಕಳಿಸಿದ್ದೇನೆ.

ಇಂತಿ,
ಮಂಜುನಾಥ
ಫ್ಲಾಟ್ ಬಿ-704ರ ಖರೀದಿದಾರ

(ಸ್ಪೀಡ್ ಪೋಸ್ಟ್ ಮೂಲಕ, ಸ್ವೀಕೃತಿ ಸಹಿತ)