ನಿನ್ನೆಯ ಹತ್ತಕ್ಕೆ ನಾಲ್ಕರ ಬಗ್ಗೆ

ಪುಟ್ಟಿ,

‘ಎಷ್ಟು ಓದಿದರೂ ತಲೆಗೆ ಹತ್ತಲ್ಲ ಮಿಸ್, ನಾಳೆಯಿಂದ ಗದ್ಯಭಾಗ ಬೇಡ’ ಅಂತ ರಾತ್ರಿ ನೀನು ಕಳಿಸಿದ ಮೆಸೇಜ್ ಬೆಳಿಗ್ಗೆ ನೋಡಿದೆ. ಆಮೇಲೆ ನಿನ್ನೆಯ ಜೇನ್ನೊಣದ ಪ್ಯಾರಾದ ಪ್ರಶ್ನೆಗಳಿಗೆ ನೀನು ಬರೆದ ಉತ್ತರಗಳನ್ನು ಇನ್ನೊಂದು ಸಲ ಕೂತು ಓದಿದೆ. ಹತ್ತಕ್ಕೆ ನಾಲ್ಕು ಬಂದಿರುವುದು ನಿಜ. ಆದರೆ ಆ ನಾಲ್ಕು ಹೇಗೆ ಬಂತು ಅಂತ ನೀನು ನೋಡಿಲ್ಲ.

ಮೂರು ವಾರದ ಹಿಂದೆ ‘ಯಾಕೆ’ ಅನ್ನುವ ಪ್ರಶ್ನೆ ಬಂದರೆ ಇಡೀ ಪ್ಯಾರಾ ಹಾಗೇ ಇಳಿಸಿಬಿಡುತ್ತಿದ್ದೆ. ನಿನ್ನೆ ಜೇನ್ನೊಣ ಯಾಕೆ ಕುಣಿಯುತ್ತದೆ ಅಂದದ್ದಕ್ಕೆ ‘ಹೂವು ಯಾವ ದಿಕ್ಕಿನಲ್ಲಿ, ಎಷ್ಟು ದೂರದಲ್ಲಿದೆ ಎಂದು ಗೂಡಿನ ಬೇರೆ ನೊಣಗಳಿಗೆ ತಿಳಿಸಲು’ ಅಂತ ಬರೆದಿದ್ದೀಯ. ಅದು ನಿನ್ನದೇ ವಾಕ್ಯ, ಪ್ಯಾರಾದಲ್ಲಿ ಹಾಗೆ ಎಲ್ಲೂ ಇಲ್ಲ. ಓದಿ ನನಗೆ ತುಂಬಾ ಖುಷಿಯಾಯಿತು.

ಈಗ ತಪ್ಪಿದ್ದರ ವಿಷಯ. ‘ಗೂಡಿನೊಳಗೆ ಕತ್ತಲೆ. ಆದರೂ ಉಳಿದ ನೊಣಗಳು ಕುಣಿಯುವ ನೊಣದ ಮೈಗೆ ತಾಗಿಕೊಂಡು ಅದನ್ನು ಗ್ರಹಿಸುತ್ತವೆ.’ ಇಲ್ಲಿ ‘ಅದನ್ನು’ ಅಂದರೆ ಏನು ಅಂತ ಪ್ರಶ್ನೆ. ನೀನು ‘ಕತ್ತಲೆ’ ಅಂತ ಬರೆದೆ, ಹಿಂದಿನ ವಾಕ್ಯದ ಕೊನೇ ಪದ ಅದೇ ಆಗಿತ್ತಲ್ಲ, ಅದಕ್ಕೆ. ಆ ಜಾಗದಲ್ಲಿ ‘ಕತ್ತಲೆಯನ್ನು’ ಅಂತ ಇಟ್ಟು ಓದು. ಕತ್ತಲೆ ತಿಳಿಯೋದಕ್ಕೆ ಯಾರ ಮೈಯನ್ನಾದರೂ ಮುಟ್ಟಬೇಕಾ? ಈಗ ‘ಕುಣಿತವನ್ನು’ ಅಂತ ಇಡು. ಕೂತಿತು, ಅಲ್ವಾ? ಕಳೆದುಕೊಂಡ ಆರು ಅಂಕದಲ್ಲಿ ನಾಲ್ಕು ಈ ಜಾತಿಯವೇ: ಅದು, ಅವು, ಇದರಿಂದ, ಹಾಗಾಗಿ. ನಿನಗೆ ಓದೋಕೆ ಬರಲ್ಲ ಅಂತಲ್ಲ. ಈ ಪುಟ್ಟ ಪದಗಳು ಯಾವುದರ ಕಡೆ ಬೆರಳು ತೋರಿಸುತ್ತಿವೆ ಅಂತ ನಿಂತು ನೋಡದೆ ದಾಟಿಬಿಡುತ್ತೀಯ, ಅಷ್ಟೇ. ಕನ್ನಡದಲ್ಲಂತೂ ಎಷ್ಟೋ ಸಲ ಕರ್ತೃಪದವೇ ಇರೋದಿಲ್ಲ. ‘ಬಂದಳು’, ‘ಬಂದವು’ ಅನ್ನುವ ಕ್ರಿಯಾಪದದ ಕೊನೆ ನೋಡಿಯೇ ಯಾರು ಅಂತ ಹಿಡಿಯಬೇಕು. ಅವಸರದಲ್ಲಿ ಓದಿದರೆ ಯಾರಿಗಾದರೂ ತಪ್ಪುತ್ತದೆ.

ಅದಕ್ಕೆ ಈ ವಾರ ಗಡಿಯಾರ ಬೇಡ, ಅಂಕವೂ ಬೇಡ. ದಿನಕ್ಕೆ ಒಂದೇ ಪ್ಯಾರಾ. ಮೊದಲ ಸಲ ಪೆನ್ಸಿಲ್ ಮುಟ್ಟದೆ ಓದು, ಓದಿದ್ದನ್ನು ಮುಚ್ಚಿಟ್ಟು ಒಂದೇ ವಾಕ್ಯದಲ್ಲಿ ಬಾಯಲ್ಲಿ ಹೇಳು. ಎರಡನೇ ಸಲ ‘ಅದು’, ‘ಹಾಗಾಗಿ’ಯಂಥ ಪುಟ್ಟ ಪದಗಳಿಗೆ ಸುತ್ತು ಹಾಕಿ, ಅದು ಹೇಳುವ ವಸ್ತುವಿನವರೆಗೆ ಬಾಣದ ಗೆರೆ ಎಳೆ. ಪ್ರಶ್ನೆ ಅದಾದ ಮೇಲೆ. ಗೊತ್ತಿಲ್ಲದ ಪದ ಸಿಕ್ಕರೆ ತಕ್ಷಣ ನಿಘಂಟು ತೆಗೀಬೇಡ, ಅಕ್ಕಪಕ್ಕದ ವಾಕ್ಯ ನೋಡಿ ಊಹಿಸಿ, ಊಹೆಯನ್ನು ಬದಿಯಲ್ಲಿ ಬರೆದಿಡು.

ಒಂದು ದಿನ ತೀರಾ ಬೇಜಾರಾದರೆ ಎರಡೇ ವಾಕ್ಯ ಓದು, ಸಾಕು. ಪೂರ್ತಿ ಬಿಡೋದು ಮಾತ್ರ ಬೇಡ ಕಣೇ. ಈ ಮೂರು ವಾರದಲ್ಲಿ ಬಂದದ್ದು ದಿನವೂ ಕೂತದ್ದರಿಂದಲೇ ಬಂತು.

ಇವತ್ತು ಹೊಸದೇನೂ ಕೊಡಲ್ಲ. ಅದೇ ಜೇನಿನ ಪ್ಯಾರಾಕ್ಕೆ ಬಾಣ ಎಳೆದು ಸಂಜೆ ಫೋಟೋ ಕಳಿಸು. ಎಲ್ಲಿ ಅನುಮಾನ ಬಂತೋ ಅಲ್ಲಿ ಪ್ರಶ್ನೆ ಚಿಹ್ನೆ ಹಾಕು, ಶನಿವಾರದ ಕ್ಲಾಸಿನಲ್ಲಿ ಅಲ್ಲಿಂದಲೇ ಶುರು ಮಾಡೋಣ.

ನಿನ್ನ ಟ್ಯೂಷನ್ ಮಿಸ್