ಫೇಲ್ ಅನ್ನೋದಕ್ಕೆ ಎಷ್ಟು ಹೆಸರು?

ಮಾಸ್ತರಿಗೆ, ಅಕ್ಕೋರಿಗೆ ನಮಸ್ಕಾರ. ಮಕ್ಕಳೇ, ನಿನ್ನೆ ನಿಮಗೆ ಪ್ರಿಪರೇಟರಿ ಪೇಪರ್ ಕೊಟ್ಟರಂತೆ. ಕೆಲವರ ಮುಖ ನೋಡಿದರೇ ಗೊತ್ತಾಗುತ್ತದೆ. ಹೆದರಬೇಡಿ, ಯಾರ ಅಂಕವನ್ನೂ ನಾನು ಕೇಳುವುದಿಲ್ಲ. ನನ್ನದನ್ನೇ ಹೇಳುತ್ತೇನೆ. ಹತ್ತನೇ ತರಗತಿಯಲ್ಲಿ ಗಣಿತಕ್ಕೆ ನನಗೆ ಬಿದ್ದದ್ದು 29. ಆಗ ಪಾಸಾಗಲು 35 ಬೇಕಿತ್ತು. ಊರಿಡೀ ಒಂದೇ ಮಾತು: ‘ಮಾಣಿ ಡುಮ್ಕಿ ಹೊಡೆದ.’

ನಾನೀಗ ಕನ್ನಡ ಪಾಠ ಮಾಡುವವನು. ಹಾಗಾಗಿ ಇವತ್ತು ಈ ಡುಮ್ಕಿಯ ನೆಂಟರನ್ನೆಲ್ಲ ನಿಮಗೆ ಪರಿಚಯ ಮಾಡಿಸಬೇಕು ಅಂತ ಬಂದಿದ್ದೇನೆ. ಸೋಲು, ಹಿನ್ನಡೆ, ಲೋಪ, ಎಡವಟ್ಟು, ಪರಾಭವ. ಪರೀಕ್ಷೆಯಲ್ಲಿ ಇವನ್ನು ಸಮಾನಾರ್ಥಕ ಪದ ಅಂತ ಬರೆದರೆ ಅಂಕ ಸಿಗಬಹುದು. ಆದರೆ ನಿಜವಾಗಿ ಇವು ಸಮಾನ ಅಲ್ಲ.

ನಮ್ಮ ತೋಟದ ಕತೆ ಕೇಳಿ. ಒಂದು ವರ್ಷ ಅತ್ತೆಯ ಮದುವೆ ಗಡಿಬಿಡಿ. ಮಳೆ ಹಿಡಿಯುವ ಮೊದಲು ಅಡಿಕೆಗೆ ಬೋರ್ಡೋ ಮದ್ದು ಹೊಡೆಸಲಿಲ್ಲ. ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರ್, ನಿಮ್ಮಲ್ಲಿ ಅರ್ಧ ಜನಕ್ಕೆ ಇದು ಬಾಯಿಪಾಠ ಇರುತ್ತದೆ. ತುತ್ತ, ಸುಣ್ಣ ಎರಡೂ ಮನೆಯಲ್ಲೇ ಇತ್ತು. ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡನಿಗೆ ಹೇಳಿ ಕಳಿಸಲಿಲ್ಲ, ಅಷ್ಟೇ. ಕೊಳೆರೋಗ ಬಂತು, ಎಳೆ ಅಡಿಕೆ ಉದುರಿ ಮರದ ಬುಡವೆಲ್ಲ ಹಾಸಿಹೋಯಿತು. ಮುಂದೆ ಮತ್ತೊಂದು ವರ್ಷ ಮದ್ದು ಸರಿಯಾದ ಹೊತ್ತಿಗೇ ಹೊಡೆಸಿದ್ದೆವು. ಎರಡನೇ ಸಲದ್ದನ್ನು ಹೊಡೆಸಬೇಕು ಅಂದರೆ ಮಳೆ ಹೊಳವು ಕೊಡಲೇ ಇಲ್ಲ. ಮತ್ತೆ ಕೊಳೆ.

ಎರಡು ವರ್ಷವೂ ಉದುರಿದ ಅಡಿಕೆ ಒಂದೇ ಥರ, ನಾರುವ ವಾಸನೆಯೂ ಒಂದೇ. ಆದರೆ ಅಪ್ಪಯ್ಯ ಮೊದಲ ವರ್ಷ ಹೇಳಿದ್ದು ‘ನಾನು ಬಿಟ್ಟೆ’ ಅಂತ. ಇನ್ನೊಂದು ವರ್ಷ ಹೇಳಿದ್ದು ‘ಮಳೆ ಬಿಡಲಿಲ್ಲ’ ಅಂತ. ಮೊದಲನೆಯದು ಲೋಪ. ಮುಂದಿನ ವರ್ಷ ಮೇ ತಿಂಗಳಲ್ಲೇ ಕೊನೆಗೌಡನ ಮನೆಗೆ ಹೋಗಿ ದಿನ ಗೊತ್ತು ಮಾಡಿ ಬಂದರು. ಎರಡನೆಯದು ಹಿನ್ನಡೆ. ಅದಕ್ಕೆ ಅವರು ಹುಡುಕಿದ್ದು ಬೇರೆ ದಾರಿ, ನೀರು ಜಾಸ್ತಿ ನಿಲ್ಲುವ ಕಡೆಯ ಮರಗಳ ಗೊನೆಗೆ ಮಳೆ ತಾಗದ ಹಾಗೆ ಕೊಟ್ಟೆ ಕಟ್ಟಿಸಿದರು. ಎರಡಕ್ಕೂ ಸುಮ್ನೆ ‘ನಮ್ಮ ಹಣೆಬರಹ’ ಅಂದಿದ್ದರೆ ಎರಡನ್ನೂ ಮಾಡುತ್ತಿರಲಿಲ್ಲ, ಅಲ್ವಾ?

ಹಿನ್ನಡೆ ಅನ್ನುವ ಪದವನ್ನೇ ಬಿಡಿಸಿ ನೋಡಿ. ಒಳಗೆ ‘ನಡೆ’ ಇದೆ. ನಡೆಯುತ್ತಿದ್ದವನಿಗೆ ಮಾತ್ರ ಹಿನ್ನಡೆ, ಕೂತವನಿಗೆ ಎಲ್ಲಿಂದ ಬರಬೇಕು! 2019ರ ಸೆಪ್ಟೆಂಬರ್ 7ರ ನಸುಕಿಗೆ ವಿಕ್ರಂ ಲ್ಯಾಂಡರ್ ಚಂದ್ರನ ಹತ್ತಿರ ಹೋಗಿ ಸಂಪರ್ಕ ಕಳೆದುಕೊಂಡಿತು. ಇಸ್ರೋದವರು ಎಲ್ಲಿ ತಪ್ಪಿತು ಅಂತ ಒಂದೊಂದಾಗಿ ಹುಡುಕಿದರು. ಕಾಲು ಗಟ್ಟಿ ಮಾಡಿದರು, ಇಂಧನ ಹೆಚ್ಚಿಸಿದರು, ಇಳಿಯುವ ಜಾಗವನ್ನು ದೊಡ್ಡದು ಮಾಡಿದರು. 2023ರ ಆಗಸ್ಟ್ 23ಕ್ಕೆ ಚಂದ್ರಯಾನ-3ರ ಲ್ಯಾಂಡರನ್ನು ಇಳಿಸಿದರು.

ಪರಾಭವ ನಿಮಗೆ ಬೇಡ. ಅದು ರಾಜರಿಗೆ ಮತ್ತು ಚುನಾವಣೆಗೆ ನಿಂತವರಿಗೆ ಇರಲಿ.

ಸೋಲು ಮಾತ್ರ ನನಗೆ ಬಹಳ ಇಷ್ಟದ ಪದ. ಸೋಲಬೇಕಾದರೆ ಎದುರಿಗೆ ಒಬ್ಬ ಬೇಕು. ಗಣಿತದ ಪೇಪರ್ ನಿಮ್ಮ ಮೇಲೆ ಗದೆ ಎತ್ತಿಕೊಂಡು ಬರಲಿಲ್ಲ. ಇನ್ನು ಗದಾಯುದ್ಧದ ಯಕ್ಷಗಾನದಲ್ಲಿ ಕೌರವ ಪ್ರತಿಸಲ ಸೋಲುತ್ತಾನೆ, ಜನ ನಿದ್ದೆಗೆಟ್ಟು ಕೂರುವುದು ಅವನನ್ನು ನೋಡಲಿಕ್ಕೇ! ನಮ್ಮ ಆಯಿ ತೋಟದಿಂದ ಬಂದು ‘ಕಾಲು ಸೋತು ಹೋಯ್ತು’ ಅನ್ನುತ್ತಿದ್ದಳು. ಕಾಲು ಯಾರ ಹತ್ತಿರ ಸೋತಿತು? ಯಾರ ಹತ್ತಿರವೂ ಅಲ್ಲ, ದಣಿದಿತ್ತು. ನಿಮ್ಮಲ್ಲಿ ರಾತ್ರಿ ಒಂದು ಗಂಟೆವರೆಗೆ ಓದಿ, ಬೆಳಿಗ್ಗೆ ಬಸ್ಸಿಗೆ ಎರಡು ಮೈಲಿ ನಡೆದು ಬರುವವರು ಇದ್ದೀರಿ. ಬಹುಶಃ ನಿಮ್ಮದು ಆ ಸೋಲು. ಅಂಥವರು ಇನ್ನೂ ಒಂದು ಗಂಟೆ ಜಾಸ್ತಿ ಓದಬೇಡಿ, ಮಲಗಿ. ಅಕ್ಕೋರು ಸಿಟ್ಟಾಗಬೇಡಿ.

ಈಗ ನನ್ನ 29ಕ್ಕೆ ಬರುತ್ತೇನೆ. ಮನೆಯಲ್ಲಿ ‘ಗಣಿತ ನನ್ನ ತಲೆಗೆ ಹತ್ತುವುದಿಲ್ಲ’ ಅಂದಿದ್ದೆ. ಸುಳ್ಳು. ತ್ರಿಕೋನಮಿತಿಯ ಪಾಠವನ್ನು ತೆರೆದೇ ಇರಲಿಲ್ಲ. ಅಪ್ಪಯ್ಯ ಪುಸ್ತಕ ತರಿಸಿ ನೋಡಿದರು. ಆ ಪಾಠದ ಪುಟಗಳು ಹೊಸದರಂತೆ ಬೆಳ್ಳಗಿದ್ದವು. ಅವರು ಬೈಯಲಿಲ್ಲ. ‘ಇದಕ್ಕೂ ಮದ್ದು ಹೊಡೆದಿಲ್ಲ ನೀನು’ ಅಂದರು. ಅಕ್ಟೋಬರ್ ಪರೀಕ್ಷೆಯಲ್ಲಿ 41 ಬಂತು. ದೊಡ್ಡ ಅಂಕವೇನಲ್ಲ ಬಿಡಿ.

ಈಗ ಒಂದು ಕೆಲಸ. ನೋಟ್‌ಬುಕ್ಕಿನ ಹಿಂದಿನ ಹಾಳೆ ತೆಗೆಯಿರಿ. ಕಡಿಮೆ ಬಂದ ವಿಷಯದ ಹೆಸರು ಬರೆಯಿರಿ. ಅದರ ಎದುರು ಫೇಲ್ ಅಂತ ಬರೆಯಬೇಡಿ. ಬಿಟ್ಟದ್ದೋ, ಎಡವಿದ್ದೋ, ದಣಿದದ್ದೋ, ನಿಮಗೆ ಮಾತ್ರ ಗೊತ್ತು. ಪಕ್ಕದವರ ಹಾಳೆ ನೋಡಬೇಡಿ, ಅದು ಅವರ ತೋಟ. ಐದು ನಿಮಿಷ ಕೊಡುತ್ತೇನೆ. ಊಟದ ಗಂಟೆ ಹೊಡೆಯುವುದರೊಳಗೆ ಮುಗಿಸಿ.